ಹೊಸ ಖಾತೆ ಸೇರಿಸಿದ ತಕ್ಷಣ ದೊಡ್ಡ ಮೊತ್ತ ಯಾಕೆ ಹೋಗಲ್ಲ?

[ಪರದೆ: ಮೊಬೈಲ್ ಬ್ಯಾಂಕಿಂಗ್ ಆಪ್. "ಹೊಸ ಬೆನಿಫಿಷಿಯರಿ ಸೇರಿಸಲಾಗಿದೆ"]

ನಿರೂಪಣೆ: ಖಾತೆ ನಂಬರ್ ಹಾಕಿದ್ರಿ, ಓಟಿಪಿನೂ ಕೊಟ್ರಿ. ಆದ್ರೂ ಬ್ಯಾಂಕು "ಸ್ವಲ್ಪ ಹೊತ್ತು ಕಾಯಿರಿ" ಅನ್ನುತ್ತೆ. ಓಟಿಪಿ ಕೇಳಿ ಆದ್ಮೇಲೂ ಇನ್ನೇನು ಅನುಮಾನ?

ಅನುಮಾನ ಆ ಓಟಿಪಿ ಮೇಲೇ. ಸ್ಕ್ರೀನ್ ಶೇರಿಂಗ್ ಆಪ್ ಹಾಕಿಸಿ ನಿಮ್ಮ ಫೋನ್ ನೋಡ್ತಾ ಕೂತ ಕಳ್ಳನಿಗೆ ಪಾಸ್‌ವರ್ಡೂ ಕಾಣುತ್ತೆ, ಓಟಿಪಿನೂ ಕಾಣುತ್ತೆ. ಆದ್ರೆ ಅವನಿಂದ ಮುಚ್ಚಿಡೋಕೆ ಆಗದ್ದು ಒಂದೇ: ಹಣ ಹೋಗಬೇಕಾದ ಜಾಗ. ನಿಮ್ಮ ಹಳೇ ಪಟ್ಟಿಯಲ್ಲಿರೋ ಅಣ್ಣನ ಖಾತೆಗೆ ಹಣ ಹಾಕಿದ್ರೆ ಕಳ್ಳನಿಗೇನೂ ಸಿಗಲ್ಲ. ತಾನು ಹಿಡಿತದಲ್ಲಿಟ್ಟುಕೊಂಡ ಬೇರೆಯವರ ಖಾತೆಯನ್ನ ಹೊಸದಾಗಿ ಸೇರಿಸಲೇಬೇಕು. ಅದಕ್ಕೇ ಬ್ಯಾಂಕು ಕಾವಲು ಕೂರೋದು ಆ ಬಾಗಿಲಲ್ಲಿ.

[ಪರದೆ: ಗಡಿಯಾರ, 11:40]

ಒಂದು ಲೆಕ್ಕ ಹಾಕೋಣ. ಖಾತೆಯಲ್ಲಿ 6 ಲಕ್ಷ ಇದೆ. ಬ್ಯಾಂಕಿನ ನಿಯಮ ಹೀಗಿದೆ ಅಂದ್ಕೊಳ್ಳಿ: ಮೊದಲ 4 ಗಂಟೆ ಏನೂ ಕಳಿಸೋ ಹಾಗಿಲ್ಲ, 24 ಗಂಟೆ ಆಗೋವರೆಗೆ 50,000 ಮಾತ್ರ. ರಾತ್ರಿ 11:40ಕ್ಕೆ ಕಳ್ಳ ಖಾತೆ ಸೇರಿಸ್ತಾನೆ. ಬೆಳಗಿನ ಜಾವ 3:40ಕ್ಕೆ 50,000 ಎಳೀತಾನೆ. ನೀವು 6:30ಕ್ಕೆ ಎದ್ದು ಮೆಸೇಜ್ ನೋಡಿ ಖಾತೆ ಬ್ಲಾಕ್ ಮಾಡಿಸ್ತೀರಿ. ಐದೂವರೆ ಲಕ್ಷ ಉಳೀತು. ಬರೀ 4 ಗಂಟೆ ತಡೆ ಇದ್ದು ಮಿತಿ ಇಲ್ಲದಿದ್ರೆ, ನೀವು ಏಳೋಷ್ಟರಲ್ಲಿ ಪೂರಾ ಖಾಲಿ. ಕಾಯಿಸೋದು ನಿಮಗೆ ಗೊತ್ತಾಗಲಿ ಅಂತ. ಮಿತಿ ಇರೋದು ನೀವು ನಿದ್ದೆಯಲ್ಲಿದ್ರೆ ಅಂತ.

ಆ ಮಿತಿ ಎಲ್ಲಾ ಹೊಸ ಖಾತೆಗಳಿಗೂ ಸೇರಿಸಿ ಒಂದೇ ಆಗಿರಬೇಕು. ಇಲ್ಲಾಂದ್ರೆ ಕಳ್ಳ ಹತ್ತು ಖಾತೆ ಸೇರಿಸಿ ಹತ್ತು ಸಲ ಎಳೀತಾನೆ, ನಿಯಮ ಇದ್ದೂ ದಂಡ.

ಹಣ ಹೋದ್ಮೇಲೆ ವಾಪಸ್ ತರಿಸಬಹುದಲ್ವಾ? ತಕ್ಷಣ ಜಮೆ ಆಗೋ ಪಾವತಿಯನ್ನ ಕಳಿಸಿದವರು ರದ್ದು ಮಾಡೋಕಾಗಲ್ಲ. ಕೆಲವೇ ನಿಮಿಷದಲ್ಲಿ ಅದು ಇನ್ನೂ ನಾಲ್ಕು ಖಾತೆಗೆ ಹಂಚಿಹೋಗಿರುತ್ತೆ.

[ಪರದೆ: ಎಸ್‌ಎಂಎಸ್, ಲಿಂಕ್ ಮೇಲೆ ಕೆಂಪು ಗುರುತು]

ನೀವು ಸೇರಿಸದ ಖಾತೆಯ ಮೆಸೇಜ್ ಬಂದ್ರೆ ಅದರಲ್ಲಿರೋ ಲಿಂಕ್ ಒತ್ತಬೇಡಿ, ಇಂಥ ನಕಲಿ ಮೆಸೇಜೂ ಓಡಾಡ್ತವೆ. ಕಾರ್ಡಿನ ಹಿಂದಿರೋ ನಂಬರಿಗೆ, ಆದಷ್ಟು ಬೇರೆ ಫೋನಿಂದ, ಕರೆ ಮಾಡಿ ಆನ್‌ಲೈನ್ ಬ್ಯಾಂಕಿಂಗ್ ನಿಲ್ಲಿಸಿ ಅನ್ನಿ. ಬರೀ ಆ ಹೆಸರು ಅಳಿಸಿ ಸುಮ್ಮನಾದ್ರೆ ಕಳ್ಳ ಇನ್ನೂ ಒಳಗೇ ಇರ್ತಾನೆ. ಇಮೇಲ್‌ಗೂ ಸೂಚನೆ ಬರೋ ಹಾಗೆ ಇಟ್ಕೊಳ್ಳಿ. ನಿಮ್ಮ ಸಿಮ್ಮನ್ನೇ ಕದ್ದಿದ್ರೆ ಎಸ್‌ಎಂಎಸ್ ಹೋಗೋದು ಅವನಿಗೇ.

ಇನ್ನು, ನಿಜವಾಗ್ಲೂ ದೊಡ್ಡ ಮೊತ್ತ ಕಳಿಸೋದಿದ್ರೆ ಎರಡು ದಿನ ಮುಂಚೆ ಖಾತೆ ಸೇರಿಸಿ, ಸಣ್ಣ ಮೊತ್ತ ಕಳಿಸಿ ಸರಿಯಾದವರಿಗೇ ತಲುಪ್ತಾ ಕೇಳಿ. ನಂಬರ್ ತಪ್ಪಾಗಿದೆ ಅಂತ ಅಳಿಸಿ ಮತ್ತೆ ಸೇರಿಸಿದ್ರೆ ಗಡಿಯಾರ ಮೊದಲಿಂದ ಶುರು.