ಬಿಸಿ ತೋರಿಸಿದ ಟರ್ಮಿನಲ್ ಬಿಗಿ ಮಾಡಿದರೆ ಸಾಕೇ?

ಕೇಳುಗರಿಗೆ ನಮಸ್ಕಾರ.

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಆಯುಧಪೂಜೆ ಹತ್ತಿರ ಬಂತೆಂದರೆ ಯಂತ್ರಗಳನ್ನು ನಿಲ್ಲಿಸಿ, ಒರೆಸಿ, ಎಣ್ಣೆ ಹಾಕುವ ಕೆಲಸ ಶುರುವಾಗುತ್ತದೆ. ವಿದ್ಯುತ್ ಪ್ಯಾನೆಲ್‌ಗಳಿಗೂ ಅದೇ ಸಮಯ. ಬಾಗಿಲು ತೆಗೆದು, ಬ್ಲೋವರ್‌ನಿಂದ ದೂಳು ಹಾರಿಸಿ, ಸಿಕ್ಕ ಸ್ಕ್ರೂಗಳನ್ನೆಲ್ಲ ಒಂದು ಸುತ್ತು ಬಿಗಿ ಮಾಡಿ ಬಾಗಿಲು ಹಾಕುತ್ತಾರೆ. ಪ್ಯಾನೆಲ್ ಸ್ವಚ್ಛವಾಗುತ್ತದೆ, ನಿಜ. ಆದರೆ ಯಾವ ಜೋಡಣೆ ಕೆಟ್ಟಿತ್ತು, ಏಕೆ ಕೆಟ್ಟಿತ್ತು, ಈಗ ಸರಿಹೋಯಿತೇ ಎಂಬ ಮೂರಕ್ಕೂ ಉತ್ತರ ಸಿಗುವುದಿಲ್ಲ. ಯಂತ್ರ ನಿಂತ ಮೇಲೆ ಕೆಟ್ಟ ಜೋಡಣೆಯೂ ಒಳ್ಳೆಯದರಷ್ಟೇ ತಣ್ಣಗಿರುತ್ತದೆ. ಆದ್ದರಿಂದ ಬಿಸಿಯನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಹಿಡಿಯಬೇಕಾದದ್ದು ರಜೆಗೆ ಒಂದೆರಡು ವಾರ ಮೊದಲು, ಯಂತ್ರಗಳು ತುಂಬು ಕೆಲಸದಲ್ಲಿದ್ದಾಗ.

ಒಂದು ಅಕ್ಕಿ ಗಿರಣಿಯ 50 ಎಚ್‌ಪಿ ಮೋಟಾರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅದರ ಪೂರ್ಣ ಲೋಡ್ ಕರೆಂಟ್ ಸುಮಾರು 66 ಆಂಪಿಯರ್. ಪ್ಯಾನೆಲ್‌ನಲ್ಲಿ ಎಂಸಿಸಿಬಿ ಎಂಬ ಸರ್ಕ್ಯೂಟ್ ಬ್ರೇಕರ್ ಒಂದಿದೆ, ಅದರ ಕೆಳಗಿನ ಟರ್ಮಿನಲ್‌ಗಳಿಂದ ಅಲ್ಯೂಮಿನಿಯಂ ಕೇಬಲ್ ಹೊರಡುತ್ತದೆ. ಮೋಟಾರ್ ಓಡಲು ಶುರುವಾಗಿ ಒಂದು ಗಂಟೆಯಾದರೂ ಕಳೆಯಲಿ, ಬಿಸಿ ಏರಿ ಒಂದು ಮಟ್ಟಕ್ಕೆ ನಿಲ್ಲಬೇಕು. ಆಮೇಲೆ ಮೊದಲು ಟಾಂಗ್ ಟೆಸ್ಟರ್‌ನಿಂದ ಮೂರು ಫೇಸ್‌ಗಳ ಕರೆಂಟ್ ನೋಡಿ ಬರೆದುಕೊಳ್ಳಬೇಕು. ನಮ್ಮ ಮೋಟಾರಿನಲ್ಲಿ ಮೂರರಲ್ಲೂ 48 ಆಂಪಿಯರ್ ಇದೆ. ಪ್ಯಾನೆಲ್ ಒಳಗಿನ ಗಾಳಿ 38 ಡಿಗ್ರಿ. ಕ್ಯಾಮೆರಾದಲ್ಲಿ ಆರ್ ಫೇಸ್ ಟರ್ಮಿನಲ್ 45, ವೈ ಫೇಸ್ 46, ಬಿ ಫೇಸ್ 71 ಡಿಗ್ರಿ ತೋರಿಸುತ್ತದೆ.

ಒಂದೇ ಕರೆಂಟ್ ಹರಿಯುವ ಅಕ್ಕಪಕ್ಕದ ಜೋಡಣೆಗಳ ನಡುವೆ 15 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ದೊಡ್ಡ ದೋಷ, ತಡಮಾಡದೆ ಸರಿಪಡಿಸಬೇಕು ಎಂಬುದು ಈ ಕೆಲಸದವರು ಪಾಲಿಸುವ ಅಳತೆ. ಇಲ್ಲಿ ವ್ಯತ್ಯಾಸ 25 ಡಿಗ್ರಿ. ಅದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ಜೋಡಣೆಯ ಬಿಸಿ ಹೆಚ್ಚುಕಡಿಮೆ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಬಿ ಫೇಸ್ ಈಗ ಸುತ್ತಲಿನ ಗಾಳಿಗಿಂತ 33 ಡಿಗ್ರಿ ಮೇಲಿದೆ. ಮೋಟಾರ್ ತುಂಬು ಲೋಡಿಗೆ, ಅಂದರೆ 66 ಆಂಪಿಯರಿಗೆ ಹೋದರೆ ಈ 33 ಸುಮಾರು 62 ಆಗುತ್ತದೆ. ಗಾಳಿಯ 38 ಸೇರಿಸಿ, ಟರ್ಮಿನಲ್ 100 ಡಿಗ್ರಿ. ಸಾಮಾನ್ಯ ಪಿವಿಸಿ ಕೇಬಲ್‌ನ ಹೊದಿಕೆ ಸತತವಾಗಿ ತಾಳುವುದು 70 ಡಿಗ್ರಿ ಮಾತ್ರ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಮೋಟಾರ್ ಬರೀ 20 ಆಂಪಿಯರಿನಲ್ಲಿ ಓಡುವಾಗ ಸ್ಕ್ಯಾನ್ ಮಾಡಿದ್ದರೆ ಇದೇ ಕೆಟ್ಟ ಜೋಡಣೆ ಗಾಳಿಗಿಂತ ಆರು ಡಿಗ್ರಿಯಷ್ಟೇ ಹೆಚ್ಚು ಬಿಸಿ ಇರುತ್ತಿತ್ತು, ಯಾರೂ ಗಮನಿಸುತ್ತಿರಲಿಲ್ಲ. ಕರೆಂಟ್ ಬರೆಯದ ಥರ್ಮಲ್ ವರದಿಯನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಪೂರ್ಣ ಲೋಡಿನ ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಆ ಸ್ಕ್ಯಾನನ್ನು ನಂಬುವಂತಿಲ್ಲ.

ಕ್ಯಾಮೆರಾ ಮೋಸ ಹೋಗುವ ಜಾಗಗಳೂ ಇವೆ. ಹೊಳೆಯುವ ತಾಮ್ರ, ಅಲ್ಯೂಮಿನಿಯಂ, ಕೇಬಲ್ ತುದಿಗೆ ಕೂರಿಸುವ ತವರ ಲೇಪದ ಲಗ್ ಇವೆಲ್ಲ ತಮ್ಮ ಬಿಸಿಯನ್ನು ಹೊರಸೂಸುವುದು ಬಹಳ ಕಡಿಮೆ, ಕನ್ನಡಿಯಂತೆ ಎದುರಿನದನ್ನು ತೋರಿಸುವುದೇ ಹೆಚ್ಚು. ಬೋಳು ಬಸ್‌ಬಾರ್ 40 ಡಿಗ್ರಿ ಎಂದು ಕಂಡರೂ ನಿಜವಾಗಿ 80 ಇರಬಹುದು. ಹಾಗಾಗಿ ಲಗ್‌ಗೆ ತಾಗಿಕೊಂಡಿರುವ ಕೇಬಲ್ ಹೊದಿಕೆಯನ್ನೋ, ಸ್ಲೀವನ್ನೋ ಗುರಿ ಇಟ್ಟು ನೋಡಿ. ಮುಂದಿನ ಶಟ್‌ಡೌನ್‌ನಲ್ಲಿ ಬಸ್‌ಬಾರ್ ಜೋಡಣೆಗಳ ಪಕ್ಕ ಕಪ್ಪು ಇನ್ಸುಲೇಷನ್ ಟೇಪಿನ ಚೂರು ಅಂಟಿಸಿಟ್ಟರೆ ಆಮೇಲೆ ಪ್ರತಿ ಸಲವೂ ಸರಿಯಾದ ಅಳತೆ ಸಿಗುತ್ತದೆ. ಬಿಸಿ ಚುಕ್ಕೆಯ ಬಗ್ಗೆ ಅನುಮಾನ ಬಂದರೆ ನೀವು ಪಕ್ಕಕ್ಕೆ ಒಂದು ಹೆಜ್ಜೆ ಸರಿಯಿರಿ. ಚುಕ್ಕೆಯೂ ಸರಿದರೆ ಅದು ಪ್ರತಿಫಲನ. ಇನ್ನು, ಟರ್ಮಿನಲ್ ಮುಂದಿನ ಅಕ್ರಿಲಿಕ್ ಹಾಳೆಯ ಮೂಲಕ ಕ್ಯಾಮೆರಾಕ್ಕೆ ಏನೂ ಕಾಣದು, ಹಾಳೆಯ ಬಿಸಿಯಷ್ಟೇ ಕಾಣುತ್ತದೆ. ಚಾಲೂ ಪ್ಯಾನೆಲ್‌ನಲ್ಲಿ ಆ ಹಾಳೆ ತೆಗೆಯುವುದು ತರಬೇತಿ ಪಡೆದವರ ಕೆಲಸ. ಜೊತೆಗೆ ಒಬ್ಬರಿರಬೇಕು, ಮುಖಕ್ಕೆ ಶೀಲ್ಡ್, ಮೈಗೆ ಆರ್ಕ್ ತಾಳುವ ಬಟ್ಟೆ ಇರಬೇಕು.

ಬಿಸಿ ಎಲ್ಲಿದೆ ಎಂಬುದರ ಜೊತೆಗೆ ಅದು ಹೇಗೆ ಹರಡಿದೆ ಎಂದೂ ನೋಡಬೇಕು. ಲಗ್ ಬಳಿ ಅತಿ ಬಿಸಿಯಿದ್ದು ಕೇಬಲ್ ಉದ್ದಕ್ಕೆ ತಣ್ಣಗಾಗುತ್ತ ಹೋದರೆ ದೋಷ ಜೋಡಣೆಯಲ್ಲಿದೆ. ಕೇಬಲ್ ಪೂರ್ತಿ ಒಂದೇ ಸಮ ಬಿಸಿ ಇದ್ದರೆ ಅದು ಓವರ್‌ಲೋಡ್, ಸ್ಪ್ಯಾನರಿಗೆ ಅಲ್ಲಿ ಕೆಲಸವಿಲ್ಲ. ಕಾಂಟ್ಯಾಕ್ಟರ್‌ನ ಒಂದು ಪೋಲ್ ಮೈಯೊಳಗೇ ಬಿಸಿಯಾಗಿದ್ದರೆ ಒಳಗಿನ ಕಾಂಟ್ಯಾಕ್ಟ್ ಸವೆದಿದೆ, ಹೊರಗಿನ ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಅದು ತಣ್ಣಗಾಗದು.

ನಮ್ಮ ಬಿ ಫೇಸ್ ಲಗ್ ಬಳಿ ಬಿಸಿಯಾಗಿದೆ. ಈಗ ಶಟ್‌ಡೌನ್. ಮೋಟಾರ್ ನಿಲ್ಲಿಸಿ ಎಂಸಿಸಿಬಿ ಆಫ್ ಮಾಡಿದರೆ ಸಾಲದು, ಅದರ ಮೇಲಿನ ಟರ್ಮಿನಲ್‌ಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಪ್ಯಾನೆಲ್‌ಗೆ ವಿದ್ಯುತ್ ತರುವ ಇನ್‌ಕಮರ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ. ಬೆಸ್ಕಾಂ ಲೈನ್ ಅಷ್ಟೇ ಅಲ್ಲ, ಜನರೇಟರ್ ಮತ್ತು ಸೋಲಾರ್ ಕಡೆಯಿಂದಲೂ ವಿದ್ಯುತ್ ಬರದಂತೆ ನೋಡಿಕೊಳ್ಳಿ. ಕೆಪಾಸಿಟರ್ ಇದ್ದರೆ ಐದು ನಿಮಿಷ ಕಾಯಿರಿ. ಟೆಸ್ಟರನ್ನು ಮೊದಲು ಚಾಲೂ ಇರುವ ಕಡೆ ಇಟ್ಟು ಅದು ಕೆಲಸ ಮಾಡುತ್ತಿದೆ ಎಂದು ಖಚಿತಪಡಿಸಿಕೊಂಡು, ಆಮೇಲೆ ಇಲ್ಲಿ ಪರೀಕ್ಷಿಸಿ.

ಬೋಲ್ಟ್ ಕಂಡ ತಕ್ಷಣ ಬಿಗಿ ಮಾಡುವ ಆಸೆ ಬರುತ್ತದೆ. ತಡೆಯಿರಿ, ಮೊದಲು ಬಿಚ್ಚಿ. ಇಷ್ಟು ಬಿಸಿಯಾದ ಜೋಡಣೆಯಲ್ಲಿ ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿರಬಹುದು, ಲಗ್‌ನ ಮುಖ ಕಪ್ಪಾಗಿರಬಹುದು. ಎಷ್ಟೋ ಸಲ ಬೋಲ್ಟ್ ಬಿಗಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಲಗ್ ಮತ್ತು ಕೇಬಲ್ ನಡುವಿನ ಕ್ರಿಂಪ್, ಅಂದರೆ ಒತ್ತಿ ಕೂರಿಸಿದ ಹಿಡಿತ. ಸುತ್ತಿಗೆಯಿಂದ ಬಡಿದು ಕೂರಿಸಿದ ಲಗ್‌ಗಳಲ್ಲಿ ಇದು ಮಾಮೂಲು. ಅಲ್ಯೂಮಿನಿಯಂ ಎಳೆಗಳ ಮೇಲೆ ಗಾಳಿ ತಾಗಿದ ಕೂಡಲೇ ಆಕ್ಸೈಡ್ ಪದರ ಕಟ್ಟುತ್ತದೆ, ಆ ಪದರದಲ್ಲಿ ವಿದ್ಯುತ್ ಹರಿಯದು. ಕ್ರಿಂಪ್ ಸಡಿಲವಾದರೆ ಎಳೆಗಳ ನಡುವೆ ಅದು ಬೆಳೆಯುತ್ತಲೇ ಹೋಗುತ್ತದೆ.

ಆದ್ದರಿಂದ ಸುಟ್ಟ ತುದಿಯನ್ನು ಒಳ್ಳೆಯ ಲೋಹ ಕಾಣುವವರೆಗೆ ಕತ್ತರಿಸಿ. ಎಳೆಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ಆಕ್ಸೈಡ್ ತಡೆಯುವ ಪೇಸ್ಟ್ ಹಚ್ಚಿ, ತಕ್ಷಣವೇ ಹೊಸ ಲಗ್ ಹಾಕಿ. ಟರ್ಮಿನಲ್ ತಾಮ್ರದ್ದಾದ್ದರಿಂದ ಬೈಮೆಟಾಲಿಕ್ ಲಗ್ ಬೇಕು. ಕೇಬಲ್‌ನ ಅಳತೆಗೆ ಸರಿಯಾದ ಡೈ ಹಾಕಿ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್‌ನಿಂದಲೇ ಒತ್ತಿ. ವಾಷರ್‌ಗಳೂ ಹೊಸವೇ ಆಗಲಿ. ಟರ್ಮಿನಲ್‌ನ ಮೇಲ್ಮೈ ಸುಟ್ಟು ಗುಳಿ ಬಿದ್ದಿದ್ದರೆ ಎಂಸಿಸಿಬಿಯನ್ನೇ ಬದಲಿಸಬೇಕು.

ಬಿಗಿ ಮಾಡುವುದು ಟಾರ್ಕ್ ರೆಂಚ್‌ನಿಂದ, ಎಂಸಿಸಿಬಿಯ ಮೈಮೇಲೆ ಅಥವಾ ಅದರ ಹಾಳೆಯಲ್ಲಿ ಬರೆದಿರುವ ಅಳತೆಗೆ. ಕೈಯ ಬಲ ನಂಬಿ ಮಾಡಿದರೆ ಸಣ್ಣ ಸ್ಕ್ರೂ ಅತಿಯಾಗುತ್ತದೆ, ದೊಡ್ಡ ಬೋಲ್ಟ್ ಸಾಲದಾಗುತ್ತದೆ. ಅತಿ ಬಿಗಿಯೂ ಕೆಡುಕೇ, ಏಕೆಂದರೆ ಅಲ್ಯೂಮಿನಿಯಂ ಮೆದು. ಒತ್ತಡ ಹೆಚ್ಚಾದರೆ ನಿಧಾನವಾಗಿ ಹಿಂಡಿಕೊಂಡು ಹರಿಯುತ್ತದೆ, ಕೆಲವು ತಿಂಗಳಲ್ಲಿ ಹಿಡಿತ ಸಡಿಲವಾಗುತ್ತದೆ. ವರ್ಷ ವರ್ಷ ಸುಮ್ಮನೆ ಒಂದು ಸುತ್ತು ಬಿಗಿ ಮಾಡುವ ರೂಢಿಯಿಂದ ಒಳ್ಳೆಯ ಜೋಡಣೆಗಳೂ ಹೀಗೆ ಹಾಳಾಗುತ್ತವೆ. ಬಿಗಿಯಾದ ಮೇಲೆ ಬೋಲ್ಟ್‌ನಿಂದ ಲಗ್‌ವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ. ಮುಂದಿನ ವರ್ಷ ಗೆರೆ ನೇರವಾಗಿಯೇ ಇದ್ದು, ಸ್ಕ್ಯಾನ್‌ನಲ್ಲೂ ಬಿಸಿ ಕಾಣದಿದ್ದರೆ ಆ ಬೋಲ್ಟನ್ನು ಮುಟ್ಟಬೇಡಿ.

ಬಾಗಿಲು ಹಾಕುವ ಮುನ್ನ ಮೆಗ್ಗರ್‌ನಿಂದ ಇನ್ಸುಲೇಷನ್ ನೋಡಿ, ಒಳಗೆ ವಾಷರ್, ತಂತಿ ಚೂರು ಬಿದ್ದಿಲ್ಲವೆಂದು ಕೈದೀಪ ಹಿಡಿದು ಹುಡುಕಿ. ಮೋಟಾರ್ ಓಡಿ ಒಂದು ಗಂಟೆಯಾದ ಮೇಲೆ, ಹಿಂದಿನಷ್ಟೇ 48 ಆಂಪಿಯರ್ ಇರುವಾಗ, ಮತ್ತೆ ಕ್ಯಾಮೆರಾ ಹಿಡಿಯಿರಿ. ಬಿ ಫೇಸ್ ಉಳಿದೆರಡರ ಹತ್ತಿರ, ಅಂದರೆ 45, 46 ಡಿಗ್ರಿಗೆ ಬಂದಿರಬೇಕು. 55ರಲ್ಲಿ ನಿಂತಿದ್ದರೆ ಜೋಡಣೆ ಇನ್ನೂ ಸರಿಯಾಗಿಲ್ಲ, ಪುನಃ ಬಿಚ್ಚಬೇಕು. ಸರಿ ಬಂದಿದ್ದರೆ ಅಳತೆ, ಕರೆಂಟ್, ದಿನಾಂಕ ಮೂರನ್ನೂ ಚೀಟಿಯಲ್ಲಿ ಬರೆದು ಬಾಗಿಲಿನ ಒಳಮೈಗೆ ಅಂಟಿಸಿ, ಒಂದು ತಿಂಗಳ ನಂತರ ಇನ್ನೊಮ್ಮೆ ನೋಡಿ. ಹೊಸ ಅಲ್ಯೂಮಿನಿಯಂ ಜೋಡಣೆ ಬಿಸಿಯಾಗಿ ತಣ್ಣಗಾಗುತ್ತ ಕುಳಿತುಕೊಳ್ಳುವುದು ಆ ಮೊದಲ ತಿಂಗಳಲ್ಲೇ.

ನಮಸ್ಕಾರ.