ಗಳಿಸಿದ್ದು ಒಂದು ಪುಟ, ತೆಗೆದುಕೊಂಡಿದ್ದು ಇನ್ನೊಂದು ಪುಟ

ಕೇಳುಗರಿಗೆ ನಮಸ್ಕಾರ.

ಹೊಲಿಗೆ ಯಂತ್ರದ ಮುಂದೆ ಕೂತು, ಕೈಯಲ್ಲಿ ಕೆಲಸ ನಡೆಸುತ್ತಲೇ ರೇಡಿಯೋ ಕೇಳುತ್ತಿರುವವರ ಜೊತೆ ನನಗೆ ಇವತ್ತು ಮಾತಾಡಬೇಕಿದೆ. ನಿಮಗೆ ತಿಂಗಳ ಸಂಬಳ ಇಲ್ಲ. ಒಂದು ಬಟ್ಟೆಗೆ ಇಷ್ಟು ಅಂತ ಕೂಲಿ. ಮಧ್ಯದಲ್ಲಿ ಕೈ ಖಾಲಿಯಾದರೆ ಮಾಲೀಕರ ಹತ್ತಿರ ಮುಂಗಡ. ತಿಂಗಳ ಕೊನೆಗೆ ಲೆಕ್ಕ. ಆ ದಿನ ಕೈಗೆ ಬಂದ ನೋಟು ಎಣಿಸಿ, "ಇಷ್ಟೇನಾ?" ಅಂತ ಅನ್ನಿಸಿದೆ ಅಲ್ವಾ? ಜಗಳ ಆಡೋಣ ಅಂದರೆ ಕೈಯಲ್ಲಿ ಲೆಕ್ಕ ಇಲ್ಲ. ಸುಮ್ನೆ ಜೇಬಿಗೆ ಹಾಕಿಕೊಂಡು ಹೋಗುತ್ತೀರಿ.

ನಾನು ಬಹಳ ವರ್ಷಗಳಿಂದ ಹೊಲಿಗೆ ಅಂಗಡಿಗಳ ಲೆಕ್ಕ ಬರೆಯುವವನು. ನನ್ನದು ಒಂದೇ ಮಾತು. ಒಂದು ಪುಸ್ತಕ ಇಟ್ಟುಕೊಳ್ಳಿ. ಅದರಲ್ಲಿ ಗಳಿಸಿದ್ದಕ್ಕೆ ಒಂದು ಪುಟ, ತೆಗೆದುಕೊಂಡಿದ್ದಕ್ಕೆ ಇನ್ನೊಂದು ಪುಟ. ಎರಡನ್ನೂ ತಿಂಗಳ ಕೊನೆಯವರೆಗೆ ಬೆರೆಸಬೇಡಿ.

ಇದನ್ನು ನನಗೆ ಕಲಿಸಿದ್ದು ಒಬ್ಬ ಹುಡುಗ. ಅವನ ಕಥೆ ಹೇಳುತ್ತೇನೆ.

ಅವನು ಒಂದು ಅಂಗಡಿಯಲ್ಲಿ ಸಹಾಯಕ. ಮಾಸ್ಟರ್ ಅಳತೆ ತೆಗೆದು ಬಟ್ಟೆ ಕತ್ತರಿಸಿ ಕೊಡುತ್ತಿದ್ದರು, ಇವನು ಹೊಲಿಯುತ್ತಿದ್ದ. ಶರ್ಟಿಗೆ 100 ರೂಪಾಯಿ, ಪ್ಯಾಂಟಿಗೆ 120. ಲೆಕ್ಕ ಸುಲಭವಾಗಲಿ ಅಂತ ನಾನು ದರವನ್ನು ದುಂಡಗೆ ಮಾಡಿಕೊಂಡಿದ್ದೇನೆ, ನಿಮ್ಮ ದರ ಬೇರೆ ಇರಬಹುದು. ಆ ತಿಂಗಳು 26 ದಿನ ಕೂತು 90 ಶರ್ಟು, 45 ಪ್ಯಾಂಟು ಹೊಲಿದಿದ್ದ. ಶರ್ಟಿನಿಂದ 9,000. ಪ್ಯಾಂಟಿನಿಂದ 5,400. ಒಟ್ಟು 14,400.

ಮುಂಗಡ ನಾಲ್ಕು ಸಲ ತೆಗೆದುಕೊಂಡಿದ್ದ. 5ನೇ ತಾರೀಖು 1,000. 12ಕ್ಕೆ 2,000. ಆಮೇಲೆ ಒಂದು 500. 24ಕ್ಕೆ 1,500. ಕೂಡಿಸಿದರೆ 5,000. ಹುಡುಗ ಮನಸ್ಸಿನಲ್ಲೇ ಕಳೆದ. 14,400ರಲ್ಲಿ 5,000 ಹೋದರೆ 9,400. ಅಷ್ಟು ಬರುತ್ತದೆ ಅಂತ ಕಾದು ಕೂತಿದ್ದ.

ಮಾಲೀಕರು ಕೊಟ್ಟಿದ್ದು 7,500.

1,900 ರೂಪಾಯಿ ಕಡಿಮೆ! ಹುಡುಗನ ಮುಖ ಕೆಂಪಾಯಿತು. "ಅಣ್ಣಾ, ಇದು ಸರಿಯಿಲ್ಲ" ಅಂದ. ಮಾಲೀಕರಿಗೂ ಸಿಟ್ಟು ಬಂತು. "ಏನಪ್ಪಾ, ನಾನು ಬರೆದಿಟ್ಟಿದ್ದೇನೆ. ನೀನು ಏನು ಬರೆದಿದ್ದೀಯ, ತೋರಿಸು" ಅಂದರು. ಅವರ ಪುಸ್ತಕ ನೋಡೋಕೆ ಅವತ್ತು ನಾನು ಅಲ್ಲೇ ಹೋಗಿದ್ದೆ. ನನ್ನ ಕಡೆ ತಿರುಗಿ, "ನೀವೇ ನೋಡಿ ಹೇಳಿ" ಅಂದರು.

ಹುಡುಗ ಏನೂ ಬರೆದಿಲ್ಲ ಅಂದುಕೊಂಡಿದ್ದೆ. ಆದರೆ ಅವನು ಯಂತ್ರದ ಡ್ರಾಯರಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದ. ಒಂದು ಪುಟದಲ್ಲಿ ಹೊಲಿದ ಪ್ರತಿ ಬಟ್ಟೆಯ ಚೀಟಿ ನಂಬರ್ ಇತ್ತು. ಬಟ್ಟೆಗೆ ಪಿನ್ನು ಚುಚ್ಚಿ ಒಂದು ಚೀಟಿ ಇಟ್ಟಿರುತ್ತಾರಲ್ಲ, ಅದರ ನಂಬರ್. ಇನ್ನೊಂದು ಪುಟದಲ್ಲಿ ಮುಂಗಡ, ತಾರೀಖಿನ ಜೊತೆ. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಕುರ್ಚಿ ಎಳೆದುಕೊಂಡು ಅವರಿಬ್ಬರ ಮಧ್ಯೆ ಕೂತೆ.

ಮೊದಲು ಗಳಿಸಿದ ಪುಟ. ಹುಡುಗನ ಪುಟದಲ್ಲಿ 90 ಶರ್ಟು, ಮಾಲೀಕರ ಪುಸ್ತಕದಲ್ಲಿ 84. ಆರು ಶರ್ಟು ಎಲ್ಲಿ ಹೋಯಿತು? ಚೀಟಿ ನಂಬರ್ ಒಂದೊಂದಾಗಿ ಓದುತ್ತಾ ಹೋದೆವು. ಆರು ಶರ್ಟುಗಳನ್ನು ಮಾಸ್ಟರ್ ವಾಪಸ್ ಕೊಟ್ಟಿದ್ದರು. ಕಾಲರ್ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಬಿಚ್ಚಿ ಮತ್ತೆ ಹೊಲಿಯಬೇಕು. ವಾಪಸ್ ಕೊಟ್ಟ ದಿನವೇ ಮಾಲೀಕರು ಆರನ್ನೂ ಲೆಕ್ಕದಿಂದ ಹೊಡೆದು ಹಾಕಿದ್ದರು, 600 ರೂಪಾಯಿ ಕಡಿಮೆಯಾಗಿತ್ತು. ಆದರೆ ಹುಡುಗ ಅದೇ ತಿಂಗಳಲ್ಲಿ ನಾಲ್ಕನ್ನು ಸರಿಮಾಡಿ ಕೊಟ್ಟಿದ್ದ. ಗಿರಾಕಿಗಳು ಒಯ್ದೂ ಆಗಿತ್ತು. ಅದನ್ನು ಮತ್ತೆ ಸೇರಿಸೋಕೆ ಮಾಲೀಕರು ಮರೆತಿದ್ದರು. ಉಳಿದ ಎರಡು ಇನ್ನೂ ಯಂತ್ರದ ಪಕ್ಕದ ಬುಟ್ಟಿಯಲ್ಲೇ ಇದ್ದವು. ಹುಡುಗ ಅವನ್ನೂ ಎಣಿಸಿಬಿಟ್ಟಿದ್ದ.

ಇಲ್ಲಿ ಸ್ವಲ್ಪ ನಿಂತು ಕೇಳಿ. ಬಟ್ಟೆ ಹೊಲಿದು ಮುಗಿಸಿದ ದಿನ ಅದು ಗಳಿಕೆ ಅಲ್ಲ. ಮಾಸ್ಟರ್ ನೋಡಿ "ಸರಿ" ಅಂದ ದಿನ ಅದು ಗಳಿಕೆ. ಮುಗಿಸಿದ ತಕ್ಷಣ ಚೀಟಿ ನಂಬರ್ ಬರೆಯಿರಿ. "ಸರಿ" ಅಂದಮೇಲೆ ಅದರ ಮುಂದೆ ಒಂದು ಗುರುತು ಹಾಕಿ. ಗುರುತು ಇಲ್ಲದ್ದನ್ನು ಕೂಡಿಸಬೇಡಿ. ಹೀಗೆ ಮಾಡಿದರೆ ಆ ಎರಡು ಶರ್ಟು ಎಲ್ಲೂ ಕಳೆದುಹೋಗುವುದಿಲ್ಲ. ಮುಂದಿನ ತಿಂಗಳಿಗೆ ಹೋಗುತ್ತವೆ, ಅಷ್ಟೇ. ಆ ತಿಂಗಳ ನಿಜವಾದ ಗಳಿಕೆ 88 ಶರ್ಟು, 45 ಪ್ಯಾಂಟು. 14,200 ರೂಪಾಯಿ.

ಈಗ ತೆಗೆದುಕೊಂಡ ಪುಟ. ಹುಡುಗನ ಪುಟದಲ್ಲಿ ನಾಲ್ಕು ಸಾಲು, 5,000. ಮಾಲೀಕರ ಲೆಕ್ಕದಲ್ಲಿ ಐದು ಸಾಲು, 5,500. 500 ರೂಪಾಯಿ ಎರಡು ಸಲ ಇತ್ತು. 19ಕ್ಕೆ ಒಂದು, 20ಕ್ಕೆ ಒಂದು. ಹುಡುಗ ಹೇಳಿದ, "ನಾನು ತೆಗೆದುಕೊಂಡಿದ್ದು ಒಂದೇ ಸಲ, 20ಕ್ಕೆ, ಮಾಸ್ಟರ್ ಕೈಯಿಂದ." ಮಾಸ್ಟರನ್ನು ಕರೆದು ಕೇಳಿದೆವು. ಅವರು ಹೇಳಿದ ಮೇಲೆ ಗಂಟು ಬಿಚ್ಚಿತು. 19ರ ಸಂಜೆ ಮಾಲೀಕರು ಹೊರಗೆ ಹೊರಟಿದ್ದರು. "ಹುಡುಗನಿಗೆ ಕೊಡಿ" ಅಂತ 500 ಮಾಸ್ಟರ್ ಕೈಗೆ ಕೊಟ್ಟು, ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮಾಸ್ಟರ್ ಮರುದಿನ ಹುಡುಗನಿಗೆ ಕೊಟ್ಟು, ತಮ್ಮ ಡೈರಿಯಲ್ಲಿ ಬರೆದುಕೊಂಡರು. ತಿಂಗಳ ಕೊನೆಗೆ ಮಾಲೀಕರು ಪುಸ್ತಕ, ಡೈರಿ ಎರಡನ್ನೂ ಕೂಡಿಸಿದರು. ಒಂದೇ ದುಡ್ಡು ಎರಡಾಯಿತು. ಯಾರೂ ಮೋಸ ಮಾಡಿರಲಿಲ್ಲ. ದುಡ್ಡು ಎರಡು ಕೈ ದಾಟಿತ್ತು, ಎರಡು ಕಡೆ ಬರೆಯಲಾಗಿತ್ತು.

ಹುಡುಗನ ಪುಟದಲ್ಲಿ ತಾರೀಖು ಮಾತ್ರ ಅಲ್ಲ, ಯಾರ ಕೈಯಿಂದ ಬಂತು ಅಂತಲೂ ಇತ್ತು. ಅದಕ್ಕೇ ಹತ್ತು ನಿಮಿಷದಲ್ಲಿ ತಪ್ಪು ಸಿಕ್ಕಿತು. ಬರೀ "500" ಅಂತ ಬರೆದಿದ್ದರೆ ಏನು ಹೇಳೋಕೆ ಆಗುತ್ತಿತ್ತು? ಹೇಳಿ.

ಹುಡುಗ ಗೆದ್ದ ಅಂದುಕೊಂಡಿರಾ? ಇನ್ನೂ ಒಂದು ಸಾಲು ಬಾಕಿ ಇತ್ತು. ಮಾಲೀಕರ ಪುಸ್ತಕದಲ್ಲಿ "ಹಿಂದಿನ ಬಾಕಿ 800" ಅಂತ ಇತ್ತು. ಹುಡುಗನ ಪುಟದಲ್ಲಿ ಅದು ಇರಲೇ ಇಲ್ಲ. ಹಿಂದಿನ ತಿಂಗಳು ಅವನಿಗೆ ಜ್ವರ ಬಂದು ಅರ್ಧ ತಿಂಗಳು ಕೆಲಸ ಇರಲಿಲ್ಲ. ಗಳಿಸಿದ್ದು 6,000, ತೆಗೆದುಕೊಂಡಿದ್ದು 6,800. "ಮುಂದಿನ ತಿಂಗಳು ನೋಡೋಣ ಬಿಡು" ಅಂತ ಮಾಲೀಕರು ಹೇಳಿದ್ದರು. ಇವನು ಹೊಸ ತಿಂಗಳಿಗೆ ಹೊಸ ಪುಟ ತಿರುವಿದ, ಹಳೆ 800 ಹಿಂದಿನ ಪುಟದಲ್ಲೇ ಉಳಿಯಿತು. ಆ ಪುಟ ತೆಗೆದು ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, "ಹೌದು ಅಣ್ಣಾ, ಇದೆ" ಅಂದ. ಅವನು ಹಾಗೆ ಒಪ್ಪಿಕೊಂಡಿದ್ದು ನನಗೆ ಇವತ್ತಿಗೂ ಇಷ್ಟ.

ಈಗ ಎರಡು ಪುಟಗಳನ್ನೂ ಪಕ್ಕಪಕ್ಕ ಇಡೋಣ. ಗಳಿಸಿದ್ದು 14,200. ತೆಗೆದುಕೊಂಡಿದ್ದು ಈ ತಿಂಗಳ 5,000, ಹಿಂದಿನ 800, ಒಟ್ಟು 5,800. ಕೈಗೆ ಬರಬೇಕಾದದ್ದು 8,400. ಮಾಲೀಕರು 900 ಕಡಿಮೆ ಕೊಟ್ಟಿದ್ದರು. ಹುಡುಗ 1,000 ಜಾಸ್ತಿ ಕಾಯುತ್ತಿದ್ದ. ಇಬ್ಬರೂ ತಾವೇ ಸರಿ ಅಂತ ಕೂಗುತ್ತಿದ್ದರು, ಇಬ್ಬರದ್ದೂ ತಪ್ಪಿತ್ತು. ಮಾಲೀಕರು ಗಲ್ಲಾದಿಂದ 900 ತೆಗೆದು ಕೊಟ್ಟರು.

ಒಂದೇ ಪುಟದಲ್ಲಿ ಕೂಡಿಸುತ್ತಾ, ಕಳೆಯುತ್ತಾ ಹೋಗಿದ್ದರೆ ಏನಾಗುತ್ತಿತ್ತು? ಕೊನೆಗೆ 7,500 ಮತ್ತು 9,400 ಅನ್ನುವ ಎರಡು ಅಂಕಿ ಮಾತ್ರ ಎದುರುಬದುರು ನಿಲ್ಲುತ್ತಿದ್ದವು. ಶರ್ಟಿನಲ್ಲಿ ತಪ್ಪೋ, ಮುಂಗಡದಲ್ಲಿ ತಪ್ಪೋ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ. ಗಳಿಸಿದ್ದು ಒಂದು ಪುಟ, ತೆಗೆದುಕೊಂಡಿದ್ದು ಇನ್ನೊಂದು ಪುಟ. ಮುಂಗಡ ತೆಗೆದುಕೊಂಡರೆ ನಿಮ್ಮ ಕೂಲಿ ಕಡಿಮೆಯಾಗುವುದಿಲ್ಲ. ಅದು ನಿಮ್ಮದೇ ಕೂಲಿ, ಮೊದಲೇ ಕೈಗೆ ಬಂದಿದೆ. "ಈ ತಿಂಗಳು ಎಷ್ಟು ದುಡಿದೆ?" ಅಂತ ಕೇಳಿದರೆ ಆ ಹುಡುಗನ ಉತ್ತರ 8,400 ಅಲ್ಲ, 14,200. ಇದನ್ನು ಎಷ್ಟು ಸಲ ಹೇಳಿದರೂ ಜನ 8,400 ಅಂತಲೇ ಹೇಳುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಆಮೇಲೆ ದರದ ಮಾತು ಬಂದಾಗ ನಿಮ್ಮ ದುಡಿಮೆಯನ್ನು ನೀವೇ ಕಡಿಮೆ ಮಾಡಿ ಹೇಳಿದ ಹಾಗಾಗುತ್ತದೆ.

ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಮುಂಗಡ ಕೇಳುವ ಮೊದಲು ಅದನ್ನು ಬಟ್ಟೆಯಲ್ಲಿ ಅಳೆದು ನೋಡಿ. 2,000 ಅಂದರೆ ಆ ಹುಡುಗನಿಗೆ 20 ಶರ್ಟು. ಅವನ ದಿನದ ಗಳಿಕೆ ಸುಮಾರು 550, ಅಂದರೆ ಹೆಚ್ಚುಕಡಿಮೆ ನಾಲ್ಕು ದಿನದ ಕೆಲಸ. ಮುಂದಿನ ನಾಲ್ಕು ದಿನ ಹೊಲಿಯುವುದು ಈಗಾಗಲೇ ಖರ್ಚಾದ ದುಡ್ಡಿಗೆ ಅಂತ ಮೊದಲೇ ಗೊತ್ತಿದ್ದರೆ, ತಿಂಗಳ ಕೊನೆಗೆ ಗಾಬರಿ ಇರುವುದಿಲ್ಲ.

ದೊಡ್ಡ ಮುಂಗಡ ತೆಗೆದುಕೊಂಡರೆ, ತಿಂಗಳಿಗೆ ಎಷ್ಟು ಹಿಡಿಯಬೇಕು ಅಂತ ಅವತ್ತೇ ಮಾತಾಡಿ ಬರೆದುಕೊಳ್ಳಿ. ಅದಕ್ಕೆ ಪುಸ್ತಕದ ಹಿಂಭಾಗದಲ್ಲಿ ಬೇರೆ ಜಾಗ ಇರಲಿ.

ಒಂದೇ ಬಟ್ಟೆಯನ್ನು ಇಬ್ಬರು ಹೊಲಿಯುವುದೂ ಉಂಟು. ಒಬ್ಬರು ಕಾಲರ್, ಕಫ್ ಮಾಡುತ್ತಾರೆ, ಇನ್ನೊಬ್ಬರು ಉಳಿದದ್ದು. ಆಗ ಆ ಚೀಟಿ ನಂಬರಿನ ಮುಂದೆ ನಿಮ್ಮ ಪಾಲಿನ ದುಡ್ಡು ಎಷ್ಟೋ ಅಷ್ಟನ್ನೇ ಬರೆಯಿರಿ. ಪೂರ್ತಿ ಶರ್ಟು ಅಂತ ಎಣಿಸಬೇಡಿ. ಇಬ್ಬರೂ ಪೂರ್ತಿ ಎಣಿಸಿದರೆ ಮತ್ತೆ ಅದೇ ಜಗಳ.

ವಾರಕ್ಕೊಮ್ಮೆ ಎರಡೂ ಪುಟ ಮಾಲೀಕರಿಗೆ ತೋರಿಸಿ, ಕೆಳಗೆ ಅವರ ಸಹಿ ಹಾಕಿಸಿಕೊಳ್ಳಿ. ತಿಂಗಳ ಹಿಂದಿನ 500 ಯಾರಿಗೂ ನೆನಪಿರುವುದಿಲ್ಲ. ಮೊನ್ನೆಯ 500 ಎಲ್ಲರಿಗೂ ನೆನಪಿರುತ್ತದೆ.

ಲೆಕ್ಕ ಮುಗಿದ ಮರುದಿನ ಆ ಅಂಗಡಿಗೆ ಮತ್ತೆ ಹೋಗಿದ್ದೆ. ಹುಡುಗ ಬುಟ್ಟಿಯಲ್ಲಿದ್ದ ಎರಡು ಶರ್ಟುಗಳ ಕಾಲರ್ ಬಿಚ್ಚಿ, ಮತ್ತೆ ಹೊಲಿದು ಮಾಸ್ಟರ್ ಮುಂದೆ ಇಟ್ಟಿದ್ದ. ಮಾಸ್ಟರ್ ಕಾಲರಿನ ಎರಡೂ ತುದಿ ಜೋಡಿಸಿ ನೋಡಿ ತಲೆ ಆಡಿಸಿದರು. ಹುಡುಗ ನೋಟ್‌ಬುಕ್ ತೆಗೆದ. ಗಳಿಸಿದ ಪುಟದ ಮೊದಲ ಸಾಲಿನಲ್ಲಿ ಎರಡು ಚೀಟಿ ನಂಬರ್, ಮುಂದೆ ಗುರುತು, 200 ರೂಪಾಯಿ. ಪಕ್ಕದ ಪುಟದ ಮೇಲೆ ಬರೆದ: "ಹಿಂದಿನ ಬಾಕಿ ಇಲ್ಲ."

ನಮಸ್ಕಾರ.