ಬಾಡಿಗೆ ರೋಟವೇಟರ್ ಮತ್ತು ಸಣ್ಣ ವರ್ಕ್‌ಶಾಪ್

(ದಾವಣಗೆರೆಯಲ್ಲಿ ಐಟಿಐ ಮುಗಿಸಿದ ಯುವಕರಿಗಾಗಿ ಕೊಟ್ಟ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಶೆಡ್ಡಿನಲ್ಲಿ ಒಂದು ವೆಲ್ಡಿಂಗ್ ಸೆಟ್, ಒಂದು ಗ್ರೈಂಡರ್, ಒಂದು ಡ್ರಿಲ್ಲಿಂಗ್ ಮೆಷಿನ್ ಇದೆ, ಇದರಿಂದ ಏನು ಮಾಡಬಹುದು ಅಂತ ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದೀರಿ. ಹತ್ತು ಐಡಿಯಾ ಹೇಳಿ ಕೂರುವುದು ಸುಲಭ. ನಾನು ಒಂದನ್ನೇ ಹಿಡಿದು ಮಾತಾಡುತ್ತೇನೆ: ಟ್ರ್ಯಾಕ್ಟರ್ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರಿನ ರಿಪೇರಿ.

ಹೊಸದಾಗಿ ಏನಾದರೂ ತಯಾರಿಸಬೇಕು ಅನ್ನುವ ಆಸೆ ನಮ್ಮವರಿಗೆ ಜಾಸ್ತಿ. ಎಡೆಕುಂಟೆ ಮಾಡೋಣ, ಟ್ರ್ಯಾಕ್ಟರ್ ಟ್ರೈಲರ್ ಮಾಡೋಣ ಅಂತ ಹೊರಡುತ್ತಾರೆ. ಮಾಡಬಾರದು ಅಂತಲ್ಲ. ಆದರೆ ಕಬ್ಬಿಣ ಕೊಂಡು ತುಂಬಿಟ್ಟುಕೊಳ್ಳಬೇಕು, ದೊಡ್ಡ ತಯಾರಕರ ರೇಟಿಗೆ ಇಳಿಯಬೇಕು. ಒಂದು ಗಟ್ಟಿ ಎಡೆಕುಂಟೆ ಕೊಂಡ ರೈತ ಮತ್ತೆ ನಿಮ್ಮ ಅಂಗಡಿಗೆ ಬರುವುದು ಯಾವಾಗಲೋ. ರೋಟವೇಟರ್ ಹಾಗಲ್ಲ. ಅದರ ಬ್ಲೇಡು ಸವೆಯುವುದಕ್ಕೇ ಇರುವುದು. ಬಾಡಿಗೆಗೆ ಓಡುವ ಯಂತ್ರವಾದರೆ ಪ್ರತಿ ವರ್ಷ ನಿಮ್ಮ ಬಾಗಿಲಿಗೆ ಬರಲೇಬೇಕು.

ನಮ್ಮ ಸೀಮೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ದಾವಣಗೆರೆ, ಹರಿಹರದ ಕಡೆ ಭದ್ರಾ ನಾಲೆಯ ಭತ್ತದ ಗದ್ದೆಗಳು. ಅಲ್ಲಿ ರೋಟವೇಟರ್ ನೀರಿನಲ್ಲಿ ನಿಂತು ಕೆಸರು ಹೊಡೆಯುತ್ತದೆ. ಜಗಳೂರು, ಚಿತ್ರದುರ್ಗದ ಕಡೆ ಹೋದರೆ ಮಳೆ ನಂಬಿದ ಹೊಲ, ಮೆಕ್ಕೆಜೋಳ, ಶೇಂಗಾ, ಎಷ್ಟೋ ಕಡೆ ಗರಸು ಸೇರಿದ ಕೆಂಪು ಮಣ್ಣು. ಯಂತ್ರ ಒಂದೇ, ಕಾಯಿಲೆ ಬೇರೆ. ಗರಸು ಮಣ್ಣಿನಲ್ಲಿ ಬ್ಲೇಡು ಬೇಗ ಸವೆಯುತ್ತದೆ, ಬೋಲ್ಟು ಮುರಿಯುತ್ತದೆ. ಕೆಸರಿನಲ್ಲಿ ಸೀಲು ಮತ್ತು ಬೇರಿಂಗು ಹೋಗುತ್ತವೆ. ನಿಮ್ಮ ಅಂಗಡಿ ಯಾವ ಕಡೆ ಇದೆ ಅನ್ನುವುದರ ಮೇಲೆ ಯಾವ ಸಾಮಾನು ಜಾಸ್ತಿ ತಂದಿಡಬೇಕು ಅನ್ನುವುದು ನಿರ್ಧಾರವಾಗುತ್ತದೆ.

ಮೊದಲು ಬ್ಲೇಡಿನ ಮಾತು. ಆರು ಅಡಿಯ ಸಾಮಾನ್ಯ ರೋಟವೇಟರಿನಲ್ಲಿ 42 ಬ್ಲೇಡು ಅಂತ ಇಟ್ಟುಕೊಳ್ಳಿ. ಕಂಪನಿಗೆ ತಕ್ಕಂತೆ ಹೆಚ್ಚು ಕಡಿಮೆ ಇರುತ್ತದೆ. ರೋಟರ್ ಪೈಪಿನ ಮೇಲೆ ದುಂಡನೆಯ ಫ್ಲೇಂಜುಗಳಿರುತ್ತವೆ. ಒಂದೊಂದು ಫ್ಲೇಂಜಿಗೆ ಆರು ಬ್ಲೇಡು, ಮೂರು ಎಡಕ್ಕೆ ಬಾಗಿದವು, ಮೂರು ಬಲಕ್ಕೆ ಬಾಗಿದವು. ಎರಡು ತುದಿಯ ಫ್ಲೇಂಜುಗಳಲ್ಲಿ ಮಾತ್ರ ಎಲ್ಲವೂ ಒಳಮುಖ, ಇಲ್ಲದಿದ್ದರೆ ಪಕ್ಕದ ತಗಡಿಗೆ ಹೊಡೆಯುತ್ತವೆ. ಫ್ಲೇಂಜಿನಿಂದ ಫ್ಲೇಂಜಿಗೆ ಬ್ಲೇಡುಗಳು ಸ್ವಲ್ಪ ಸ್ವಲ್ಪ ಸರಿದು ಪೈಪಿನ ಸುತ್ತ ಸುರುಳಿ ಆಗುತ್ತವೆ. ಎಲ್ಲ ಬ್ಲೇಡು ಒಟ್ಟಿಗೆ ನೆಲಕ್ಕೆ ಬೀಳಬಾರದು, ಒಂದರ ಹಿಂದೆ ಒಂದು ಇಳಿಯಬೇಕು ಅಂತಲೇ ಈ ಏರ್ಪಾಡು. ಎಡಬಲ ತಪ್ಪಿದರೆ ಯಂತ್ರ ಕುಣಿಯುತ್ತದೆ, ಮಣ್ಣಿನಲ್ಲಿ ಪಟ್ಟೆ ಬೀಳುತ್ತದೆ, ಗೇರಿಗೆ ಏಟು ಬೀಳುತ್ತದೆ. ಅದಕ್ಕೆ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದಿಡಿ. ಹಾಕಿದ ಮೇಲೆ ರೋಟರ್ ಕೈಯಿಂದ ತಿರುಗಿಸಿ, ಹರಿತದ ಅಂಚು ಮೊದಲು ಮಣ್ಣಿಗೆ ತಾಗುವಂತಿದೆಯಾ ನೋಡಿ.

ರೈತರು ಕೇಳುವುದೇನು ಗೊತ್ತಾ? "ಜಾಸ್ತಿ ಸವೆದ ಹತ್ತು ಬ್ಲೇಡು ಮಾತ್ರ ಹಾಕಿಕೊಡಣ್ಣ." ಹಾಕಿಕೊಡಬೇಡಿ. ಹೊಸ ಹತ್ತು ಉದ್ದ, ಹಳೆಯವು ಗಿಡ್ಡ. ಭಾರವೆಲ್ಲ ಆ ಹತ್ತರ ಮೇಲೆ ಬೀಳುತ್ತದೆ, ರೋಟರ್ ನಡುಗುತ್ತದೆ, ಆ ನಡುಕ ಬೇರಿಂಗ್ ತಿನ್ನುತ್ತದೆ. ಇಡೀ ಸೆಟ್ಟು ಬದಲಿಸಬೇಕು. ದುಡ್ಡಿಲ್ಲ ಅಂದರೆ, ಅಲ್ಲಲ್ಲಿ ಮುರಿದವನ್ನು ಅಷ್ಟೇ ಸವೆದ ಹಳೇ ಬ್ಲೇಡಿನಿಂದ ತುಂಬಿ ಆ ಸೀಸನ್ ಮುಗಿಸಲಿ. ಅದಕ್ಕೇ ಬೇರೆ ಯಂತ್ರಗಳಿಂದ ತೆಗೆದ ಬ್ಲೇಡು ಗುಜರಿಗೆ ಹಾಕಬೇಡಿ, ಸವಕಳಿ ನೋಡಿ ವಿಂಗಡಿಸಿ ಇಡಿ. ಅಳತೆಗೆ ಹೊಸ ಬ್ಲೇಡಿನ ಆಕಾರವನ್ನು ತಗಡಿನಲ್ಲಿ ಕತ್ತರಿಸಿ ಗೋಡೆಗೆ ನೇತುಹಾಕಿ. ಹಳೇ ಬ್ಲೇಡನ್ನು ಅದರ ಮೇಲಿಟ್ಟು ತೋರಿಸಿದರೆ ರೈತನ ಹತ್ತಿರ ವಾದವೇ ಇರುವುದಿಲ್ಲ.

ಸವೆದ ಬ್ಲೇಡಿಗೆ ರಾಡು ಹಾಕಿ ತುಂಬಿಕೊಡಿ ಅಂತಲೂ ಬರುತ್ತಾರೆ. ಮಾಮೂಲಿ ವೆಲ್ಡಿಂಗ್ ರಾಡಿನ ಲೋಹ ಮೆತ್ತಗೆ, ಕೆಂಪು ಮಣ್ಣಿಗೆ ಬೇಗ ಕರಗಿ ಹೋಗುತ್ತದೆ. ಹಾರ್ಡ್‌ಫೇಸಿಂಗ್ ರಾಡು ಅಂತ ಬೇರೆಯೇ ಸಿಗುತ್ತದೆ. ಅದನ್ನೂ ಹೊಸ ಬ್ಲೇಡಿನ ಅಂಚಿಗೆ ತೆಳುವಾಗಿ ಎಳೆಯಬೇಕು, ತೀರಾ ಸವೆದದ್ದನ್ನು ಅದರಿಂದ ತುಂಬಲಿಕ್ಕಾಗುವುದಿಲ್ಲ. ಇನ್ನೊಂದು ತೊಂದರೆ, ಬ್ಲೇಡು ಹದ ಕೊಟ್ಟ ಉಕ್ಕು. ಜಾಸ್ತಿ ಕಾದರೆ ಹದ ಇಳಿಯುತ್ತದೆ, ಇಲ್ಲ ಬಿರುಕು ಬಿಡುತ್ತದೆ. ಬೋಲ್ಟಿನ ತೂತು, ಬಾಗಿದ ಮೂಲೆ, ಇವೆರಡರ ಹತ್ತಿರ ವೆಲ್ಡಿಂಗ್ ಹೋಗಲೇಬಾರದು. ಅಲ್ಲಿ ಮುರಿದ ಬ್ಲೇಡು ಹಾರಿದರೆ ಜನರ ಮೇಲೆ ಬರುತ್ತದೆ.

ಈಗ ಕೆಸರಿನ ಕಾಯಿಲೆ. ನಿಜವಾದ ಮೆಕ್ಯಾನಿಕ್ ಯಾರು ಅಂತ ಗೊತ್ತಾಗುವುದು ಇಲ್ಲೇ. ಹರಿಹರದ ಕಡೆಯ ಒಂದು ಬಾಡಿಗೆ ರೋಟವೇಟರ್ ನನ್ನ ಹತ್ತಿರ ಬಂತು. ಗೇರ್ ಇರುವ ಪಕ್ಕದಲ್ಲಿ, ರೋಟರಿನ ಬುಡದಿಂದ ಆಯಿಲ್ ಸೋರುತ್ತಿತ್ತು. ಬೇರೆ ಕಡೆ ಸೀಲು ಬದಲಿಸಿದ್ದರು, ವಾರ ಕಳೆಯುವುದರೊಳಗೆ ಮತ್ತೆ ಸೋರಿತ್ತು. ಮತ್ತೆ ಬದಲಿಸಿದರು, ಮತ್ತೆ ಅದೇ. ಮಾಲೀಕರು ಸೀಲೇ ಡೂಪ್ಲಿಕೇಟು ಅಂತ ಬೈಯುತ್ತಿದ್ದರು.

ಇಂಥ ಕಡೆ ಸೀಲಿಗೆ ಕೈ ಹಾಕುವ ಮುಂಚೆ ನಾಲ್ಕು ವಿಷಯ ನೋಡಬೇಕು. ಒಂದು, ಆಯಿಲಿನ ಬಣ್ಣ. ಡ್ರೇನ್ ಬೋಲ್ಟ್ ಬಿಚ್ಚಿದಾಗ ಹಾಲು ಬೆರೆಸಿದ ಹಾಗೆ ಬಿಳಿಚಿಕೊಂಡಿದ್ದರೆ ನೀರು ಒಳಗೆ ಹೋಗಿದೆ ಅಂತ ಅರ್ಥ. ಈ ಯಂತ್ರದಲ್ಲಿ ಹಾಗೇ ಇತ್ತು. ಎರಡು, ಬ್ರೀದರ್. ಗೇರ್ ಪೆಟ್ಟಿಗೆಯ ಮೇಲೆ ಗಾಳಿ ಆಡಲು ಒಂದು ಸಣ್ಣ ತೂತು ಇರುತ್ತದೆ. ಕೆಸರು ಒಣಗಿ ಅದು ಮುಚ್ಚಿಕೊಂಡರೆ, ಕೆಲಸ ಮಾಡುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಆಯಿಲನ್ನು ಸೀಲಿನ ಕಡೆಯಿಂದ ಹೊರಗೆ ತಳ್ಳುತ್ತದೆ. ಗದ್ದೆಯ ನೀರಿನಲ್ಲಿ ತಣ್ಣಗಾದಾಗ ಅದೇ ದಾರಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಇಲ್ಲಿ ಬ್ರೀದರ್ ಪೂರ್ತಿ ಕಟ್ಟಿತ್ತು. ಒಂದು ತಂತಿ ತೂರಿಸಿ ಡೀಸೆಲಿನಲ್ಲಿ ತೊಳೆದರೆ ಸಾಕಾಗುವ ಕೆಲಸ.

ಮೂರು, ರೋಟರಿನ ಬುಡಕ್ಕೆ ಸುತ್ತಿಕೊಂಡ ಕಸ. ಭತ್ತದ ಹುಲ್ಲು, ನೈಲಾನ್ ಹಗ್ಗ, ಗೊಬ್ಬರದ ಚೀಲದ ದಾರ ತಿರುಗಿ ತಿರುಗಿ ಬಿಗಿಯಾಗಿ ಸೀಲಿನೊಳಗೇ ನುಗ್ಗುತ್ತವೆ. ಹೊರಗಿನಿಂದ ಕಾಣುವುದಿಲ್ಲ, ಚಾಕು ಹಾಕಿ ಕೊಯ್ದು ತೆಗೆಯಬೇಕು. ನಾಲ್ಕು, ಶಾಫ್ಟಿನ ಮೈ. ಸೀಲಿನ ತುಟಿ ಕೂರುವ ಜಾಗಕ್ಕೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ. ಕೆಸರಿನ ಮರಳು ತುಟಿಗೆ ಅಂಟಿ ಶಾಫ್ಟನ್ನೇ ಕೊರೆದಿರುತ್ತದೆ. ಆ ಗೀರಿನ ಮೇಲೆ ಎಂಥ ಹೊಸ ಸೀಲು ಕೂರಿಸಿದರೂ ಸೋರುತ್ತದೆ. ಪಾಪ, ಸೀಲು ಮಾರಿದವನದು ತಪ್ಪಿರಲಿಲ್ಲ.

ಮಾಡಿದ್ದೇನು? ಶಾಫ್ಟ್ ಬಿಚ್ಚಿ ಲೇತ್ ಅಂಗಡಿಗೆ ಕೊಟ್ಟು, ಗೀರು ಬಿದ್ದ ಜಾಗ ಕಡೆಸಿ, ಮೇಲೆ ಬಿಗಿಯಾದ ಸ್ಲೀವ್ ಕೂರಿಸಿ, ಮೊದಲಿನ ಅಳತೆಗೇ ನುಣುಪು ಮಾಡಿಸಿದೆವು. ಗೀರು ಸಣ್ಣದಿದ್ದು ಹೌಸಿಂಗಿನಲ್ಲಿ ಜಾಗ ಇದ್ದರೆ ಇಷ್ಟೆಲ್ಲ ಬೇಡ, ಒಂದೆರಡು ಮಿಲಿಮೀಟರ್ ವಾಷರ್ ಕೊಟ್ಟು ಸೀಲನ್ನು ಪಕ್ಕಕ್ಕೆ ಸರಿಸಿದರೆ ತುಟಿ ಹೊಸ ಜಾಗದಲ್ಲಿ ಕೂರುತ್ತದೆ. ಬೇರಿಂಗ್ ಬದಲಿಸಿ, ಒಳಗೆ ತೊಳೆದು, ಹೊಸ 90 ನಂಬರ್ ಗೇರ್ ಆಯಿಲ್ ಮಟ್ಟದವರೆಗೆ ತುಂಬಿದೆವು. ಸೀಲನ್ನು ಸುತ್ತಿಗೆಯಿಂದ ಒಂದೇ ಪಕ್ಕಕ್ಕೆ ಬಡಿಯಬೇಡಿ, ಓರೆಯಾಗುತ್ತದೆ. ಅದೇ ಅಗಲದ ಪೈಪಿನ ತುಂಡು ಇಟ್ಟು ಸಮನಾಗಿ ಒತ್ತಿ.

ನೋಡಿ, ಇದಕ್ಕೆಲ್ಲ ನಿಮ್ಮ ಹತ್ತಿರ ಲೇತ್ ಬೇಕಿಲ್ಲ. ದಾವಣಗೆರೆಯಲ್ಲಿ ಲೇತ್ ಅಂಗಡಿಗೆ ಬರವೇ? ಬೇಕಾದದ್ದು ಬೇರಿಂಗ್ ಪುಲ್ಲರ್, ಒಂದು ಹೈಡ್ರಾಲಿಕ್ ಪ್ರೆಸ್, ಚೈನ್ ಬ್ಲಾಕ್, ಯಂತ್ರ ಕೂರಿಸಲು ಗಟ್ಟಿ ಕಬ್ಬಿಣದ ಸ್ಟ್ಯಾಂಡು. ಸ್ಟ್ಯಾಂಡಿನ ವಿಷಯದಲ್ಲಿ ಕಂಜೂಸಿ ಬೇಡ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಎತ್ತಿ ಹಿಡಿದಿದೆ ಅಂತ ನಂಬಿ ರೋಟವೇಟರ್ ಕೆಳಗೆ ತಲೆ ಹಾಕಬೇಡಿ. ಇಂಜಿನ್ ಆಫ್ ಆಗಿ, ಕೀಲಿ ನಿಮ್ಮ ಜೇಬಿನಲ್ಲಿರಲಿ.

ಟ್ರ್ಯಾಕ್ಟರಿನಿಂದ ರೋಟವೇಟರಿಗೆ ತಿರುಗುವ ಶಕ್ತಿ ಕೊಡುವ ಪಿಟಿಒ ಶಾಫ್ಟನ್ನೂ ಬಂದ ಪ್ರತಿ ಯಂತ್ರದಲ್ಲಿ ಒಂದು ಸಲ ನೋಡಿ. ಕೆಲವು ಶಾಫ್ಟುಗಳಲ್ಲಿ ಶಿಯರ್ ಬೋಲ್ಟ್ ಇರುತ್ತದೆ, ಕಲ್ಲು ಸಿಕ್ಕಾಗ ಅದು ಮುರಿದು ಗೇರನ್ನು ಉಳಿಸುತ್ತದೆ. ಪದೇ ಪದೇ ಮುರಿಯುತ್ತೆ ಅಂತ ಡ್ರೈವರ್‌ಗಳು ಅಲ್ಲಿ ಗಟ್ಟಿ ಬೋಲ್ಟು ಜಡಿದಿರುತ್ತಾರೆ. ಆಮೇಲೆ ಮುರಿಯುವುದು ಗೇರು.

ಈಗ ದುಡ್ಡಿನ ಮಾತು. ರೇಟು ಊರಿಗೊಂದು ಇರುತ್ತದೆ, ಲೆಕ್ಕದ ರೀತಿ ನೋಡಿಕೊಳ್ಳಿ. ಆರು ಅಡಿ ಯಂತ್ರಕ್ಕೆ 42 ಬ್ಲೇಡು, ಒಂದಕ್ಕೆ 130 ರೂಪಾಯಿಯಂತೆ ತಂದರೆ 5,460. ಒಂದು ಬ್ಲೇಡಿಗೆ ಎರಡು ಬೋಲ್ಟು, 84 ಬೋಲ್ಟಿಗೆ 15ರಂತೆ 1,260. ಬೇರಿಂಗ್, ಸೀಲು, ಆಯಿಲ್ ಸೇರಿ 1,500. ನೀವು ಹಾಕಿದ ಬಂಡವಾಳ 8,220. ಬ್ಲೇಡಿಗೆ 150, ಬೋಲ್ಟಿಗೆ 18, ಉಳಿದದ್ದಕ್ಕೆ 1,750 ಹಿಡಿದರೆ ಸಾಮಾನಿನಲ್ಲಿ 1,342 ಉಳಿಯುತ್ತದೆ. ಕೂಲಿ 2,000. ಒಟ್ಟು 3,342. ಹುಡುಗನ ಸಂಬಳ, ಕರೆಂಟು, ಡೀಸೆಲ್ ಅಂತ ಸಾವಿರ ಕಳೆದರೆ ಒಂದು ದಿನದ ಕೆಲಸಕ್ಕೆ 2,342 ಕೈಗೆ ಬರುತ್ತದೆ.

ಕೇಳಲಿಕ್ಕೆ ಚೆಂದ. ಆದರೆ ನಮ್ಮ ಕಡೆ ಉದ್ರಿ ಇದೆಯಲ್ಲ. "ಜೋಳ ಮಾರಿದ ಮೇಲೆ ಕೊಡ್ತೀನಿ" ಅಂತಾರೆ. ಸುಳ್ಳು ಹೇಳುವುದಿಲ್ಲ ಅವರು, ಮಾರಿದ ಮೇಲೆ ಕೊಡುತ್ತಾರೆ. ಆದರೆ ಮುಂಗಾರಿನ ಮುಂಚೆ ರಿಪೇರಿಯಾದ ಯಂತ್ರದ ದುಡ್ಡು ಎಪಿಎಂಸಿಯಲ್ಲಿ ಜೋಳ ಮಾರುವವರೆಗೆ ಬರುವುದಿಲ್ಲ. ಹತ್ತು ಯಂತ್ರಕ್ಕೆ ಸಾಮಾನು ಉದ್ರಿ ಕೊಟ್ಟರೆ ನಿಮ್ಮ 82,200 ರೂಪಾಯಿ ಹೊಲದಲ್ಲಿ ತಿರುಗುತ್ತಿರುತ್ತದೆ, ಹನ್ನೊಂದನೇ ಯಂತ್ರಕ್ಕೆ ಬ್ಲೇಡು ತರಲು ಸಾಲ ಮಾಡಬೇಕು. ಇಂಥ ಅಂಗಡಿಗಳು ಕೆಲಸವಿಲ್ಲದೆ ಮುಚ್ಚುವುದಿಲ್ಲ, ಕೆಲಸ ಜಾಸ್ತಿಯಾಗಿ ಮುಚ್ಚುತ್ತವೆ. ಅದಕ್ಕೆ ನನ್ನ ಪದ್ಧತಿ: ಸಾಮಾನಿನ ದುಡ್ಡು ಮೊದಲೇ, ಉದ್ರಿ ಏನಿದ್ದರೂ ಕೂಲಿಯದ್ದು ಮಾತ್ರ. ಬೇಕಾದರೆ ರೈತರೇ ಬ್ಲೇಡು ತರಲಿ, ನಿಮ್ಮ ಲಾಭ ಸ್ವಲ್ಪ ಕಡಿಮೆಯಾದರೂ ಬಂಡವಾಳ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಇನ್ನು ಹಂಗಾಮು. ಕೆಲಸವೆಲ್ಲ ಮಳೆ ಬಿದ್ದ ಮೇಲೆ, ಇಲ್ಲ ನಾಲೆಗೆ ನೀರು ಬಿಟ್ಟ ಮೇಲೆ ಒಟ್ಟಿಗೆ ನುಗ್ಗುತ್ತದೆ. ಏಪ್ರಿಲ್, ಮೇನಲ್ಲಿ ಬರುವವರಿಗೆ ಕೂಲಿಯಲ್ಲಿ ರಿಯಾಯಿತಿ ಕೊಡಿ. ಹಂಗಾಮಿನಲ್ಲಿ ಗದ್ದೆಗೇ ಕರೆದರೆ ಹೋಗುವ ದರ ಬೇರೆ ಇರಲಿ, ಮೊದಲೇ ಹೇಳಿಬಿಡಿ. ಬಾಡಿಗೆ ಯಂತ್ರ ಅರ್ಧ ದಿನ ನಿಂತರೆ ಮಾಲೀಕನಿಗೆ ನಿಮ್ಮ ಕೂಲಿಗಿಂತ ಜಾಸ್ತಿ ನಷ್ಟ, ಅದು ಅವನಿಗೂ ಗೊತ್ತು. ಬೈಕಿನ ಪೆಟ್ಟಿಗೆಯಲ್ಲಿ ಶಿಯರ್ ಬೋಲ್ಟ್, ಎಡಬಲದ ನಾಲ್ಕು ನಾಲ್ಕು ಬ್ಲೇಡು, ಪಿಟಿಒ ಶಾಫ್ಟಿನ ಕ್ರಾಸ್, ನಿಮ್ಮ ಕಡೆ ಓಡುವ ಎರಡು ಮೂರು ಕಂಪನಿಯ ಸೀಲು ಇದ್ದರೆ ಸಾಕು. ಸೀಲಿನ ಅಳತೆ ಅದರ ಮೇಲೇ ಇರುತ್ತದೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ.

ಒಂದು ನೋಟ್‌ಬುಕ್ ಇಡಿ. ಬಂದ ಯಂತ್ರದ ಮಾಲೀಕ, ಊರು, ಕಂಪನಿ, ಸೀಲು ಮತ್ತು ಬೇರಿಂಗ್ ನಂಬರು, ಬ್ಲೇಡು ಹಾಕಿದ ತಾರೀಖು ಬರೆದುಕೊಳ್ಳಿ. ಮುಂದಿನ ವರ್ಷ ಮಾರ್ಚ್ ಕೊನೆಗೆ ಆ ಪುಸ್ತಕ ತೆಗೆದು, ಒಬ್ಬೊಬ್ಬರಿಗೇ ಫೋನ್ ಮಾಡಿ, "ಅಣ್ಣಾ, ಹೋದ ವರ್ಷ ಹಾಕಿದ ಬ್ಲೇಡು ಈಗ ಸವೆದಿರಬೇಕು, ಮಳೆಗೆ ಮುಂಚೆ ತಂದುಬಿಡಿ" ಅಂತ ಹೇಳಿ. ಯಾರಿಗೆ ಏನು ಬೇಕು ಅಂತ ಗೊತ್ತಿದ್ದರೆ ಏಪ್ರಿಲ್‌ನಲ್ಲಿ ಅಷ್ಟೇ ಸಾಮಾನು ತಂದರಾಯಿತು.

ಈಗ ನಿಮ್ಮ ಪ್ರಶ್ನೆ ಕೇಳಿ. ಹೊರಗೆ ಒಂದು ಹಳೇ ರೋಟರ್ ಬಿಚ್ಚಿಟ್ಟಿದ್ದೇನೆ, ಗೀರು ಬಿದ್ದ ಶಾಫ್ಟಿನ ಮೇಲೆ ಎಲ್ಲರೂ ಒಂದು ಸಲ ಉಗುರು ಆಡಿಸಿ ನೋಡಿಕೊಂಡು ಹೋಗಿ.